ಲೆನ್ಸ್ ಸೊಲ್ಯೂಷನ್: ಮಲ್ಟಿಪರ್ಪಸ್ಸೋ, ಪೆರಾಕ್ಸೈಡೋ? ರಾತ್ರಿಯ ಕೆಲಸ ಹಂತ ಹಂತವಾಗಿ

ಲೆನ್ಸ್ ಹಾಕುವವರಿಂದ ನಮ್ಮ ಕ್ಲಿನಿಕ್‌ನಲ್ಲಿ ಪದೇ ಪದೇ ಕೇಳುವ ದೂರುಗಳು ಎರಡು. "ಲೆನ್ಸ್ ಹಾಕಿ ಒಂದೆರಡು ಗಂಟೆಗೆ ಕಣ್ಣು ಉರಿಯುತ್ತೆ" ಎನ್ನುವುದು ಒಂದು. "ಹೊಸ ಸೊಲ್ಯೂಷನ್ ತಂದೆ, ಬೆಳಿಗ್ಗೆ ಲೆನ್ಸ್ ಇಟ್ಟ ಕೂಡಲೇ ಪ್ರಾಣ ಹೋದ ಹಾಗಾಯ್ತು" ಎನ್ನುವುದು ಇನ್ನೊಂದು. ಮೊದಲನೆಯವರ ಲೆನ್ಸ್ ಕೇಸ್ ತೆರೆದರೆ ಹೆಚ್ಚಿನ ಸಲ ನಿನ್ನೆ ಮೊನ್ನೆಯ ಸೊಲ್ಯೂಷನ್ ಅಲ್ಲೇ ಇರುತ್ತದೆ, ಅದರ ಮೇಲೆ ಇವತ್ತಿನದು ನಾಲ್ಕು ಹನಿ. ಎರಡನೆಯವರು ಪೆರಾಕ್ಸೈಡ್ ಬಾಟಲಿಯನ್ನು ಮಾಮೂಲಿ ಸೊಲ್ಯೂಷನ್ ಎಂದುಕೊಂಡಿರುತ್ತಾರೆ. ಎರಡಕ್ಕೂ ಕಾರಣ, ಕೈಯಲ್ಲಿರುವ ದ್ರವ ಹೇಗೆ ಕೆಲಸ ಮಾಡುತ್ತದೆಂದು ಯಾರೂ ಕೂರಿಸಿ ಹೇಳದಿರುವುದು. ಇಲ್ಲಿ ಹೇಳುವುದು ತಿಂಗಳ ಅಥವಾ ಹದಿನೈದು ದಿನದ ಮೃದು ಲೆನ್ಸ್‌ಗಳ ಬಗ್ಗೆ. ದಿನಕ್ಕೊಂದು ಜೊತೆ ಬಿಸಾಡುವ ಲೆನ್ಸ್ ಆದರೆ ಸೊಲ್ಯೂಷನ್ನೂ ಬೇಡ, ಕೇಸೂ ಬೇಡ.

## 1. ಕೈಯಲ್ಲಿರುವ ಬಾಟಲಿ ಯಾವುದೆಂದು ಮೊದಲು ನೋಡಿ

ಮಲ್ಟಿಪರ್ಪಸ್ ಸೊಲ್ಯೂಷನ್ ಎಂದರೆ ತಿಕ್ಕಲು, ತೊಳೆಯಲು, ರಾತ್ರಿ ನೆನೆಸಿಡಲು ಎಲ್ಲಕ್ಕೂ ಒಂದೇ ದ್ರವ. ಲೇಬಲ್ಲಿನ ಘಟಕಗಳಲ್ಲಿ ಪಾಲಿಕ್ವಾಟರ್ನಿಯಮ್ ಅಥವಾ ಬೈಗ್ವನೈಡ್ ಎಂದು ಕೊನೆಯಾಗುವ ಹೆಸರುಗಳಿರುತ್ತವೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವ ರಾಸಾಯನಿಕಗಳು ಅವೇ. ಬೆಳಿಗ್ಗೆ ಲೆನ್ಸ್ ಜೊತೆ ಒಂದಿಷ್ಟು ಕಣ್ಣಿಗೂ ಹೋಗುತ್ತವಾದ್ದರಿಂದ ಅವುಗಳ ಪ್ರಮಾಣ ಬಹಳ ಕಡಿಮೆ ಇರುತ್ತದೆ.

ಪೆರಾಕ್ಸೈಡ್ ಬಾಟಲಿಯಲ್ಲಿರುವುದು 3% ಹೈಡ್ರೋಜನ್ ಪೆರಾಕ್ಸೈಡ್. ಅದರ ಜೊತೆ ಉದ್ದನೆಯ, ನೆಟ್ಟಗೆ ನಿಲ್ಲುವ ಕೇಸ್ ಬಂದಿರುತ್ತದೆ. ಒಳಗೆ ಎರಡು ಜಾಲರಿ ಬುಟ್ಟಿ, ಅವುಗಳ ಕೆಳಗೆ ಪ್ಲಾಟಿನಂ ಲೇಪಿಸಿದ ಬೂದು ಬಣ್ಣದ ಚಿಕ್ಕ ಬಿಲ್ಲೆ. ಕೆಲವು ಕಂಪನಿಗಳು ಬಿಲ್ಲೆಯ ಬದಲು ಮಾತ್ರೆ ಕೊಡುತ್ತವೆ. ಬಿಲ್ಲೆಯೋ ಮಾತ್ರೆಯೋ ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕವಾಗಿ ಮಾಡುತ್ತದೆ. ಬೆಳಿಗ್ಗೆ ಕೇಸಿನಲ್ಲಿ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ಹಾಗಾಗಿ ಕಣ್ಣಿಗೆ ಹೋಗುವ ಸಂರಕ್ಷಕ ರಾಸಾಯನಿಕವೇ ಇಲ್ಲ. ಅನೇಕ ಕಂಪನಿಗಳು ಎಚ್ಚರಿಕೆಗೆಂದು ಈ ಬಾಟಲಿಯ ಮೂತಿ ಅಥವಾ ಮುಚ್ಚಳಕ್ಕೆ ಕೆಂಪು ಬಣ್ಣ ಕೊಡುತ್ತವೆ. ಆದರೂ ಬಣ್ಣ ನಂಬಬೇಡಿ, ಲೇಬಲ್ ಓದಿ.

ಮೂರನೆಯದೊಂದಿದೆ, ಸಲೈನ್. ಅದು ತೊಳೆಯಲು ಮಾತ್ರ, ಯಾವ ಕ್ರಿಮಿಯನ್ನೂ ಕೊಲ್ಲುವುದಿಲ್ಲ. ಅಗ್ಗ ಎಂದು ರಾತ್ರಿಯಿಡೀ ಅದರಲ್ಲಿ ಲೆನ್ಸ್ ನೆನೆಸಿಡುವವರಿದ್ದಾರೆ. ಹಾಗೆ ಮಾಡಬಾರದು. ಗಾಯಕ್ಕೆ ಹಚ್ಚಲು ಮೆಡಿಕಲ್ ಸ್ಟೋರಿನಲ್ಲಿ ಕೊಡುವ ಹೈಡ್ರೋಜನ್ ಪೆರಾಕ್ಸೈಡ್ ಕೂಡ ಲೆನ್ಸ್‌ಗೆ ನಡೆಯದು. ಅದರ ಸಾಂದ್ರತೆ ಬೇರೆ, ಅದರಲ್ಲಿ ಬೆರೆಸಿರುವುದೂ ಬೇರೆ.

## 2. ಶುರು ಮಾಡುವ ಮುನ್ನ ಇಷ್ಟನ್ನು ಹತ್ತಿರ ಇಟ್ಟುಕೊಳ್ಳಿ

ನೊರೆ ಉಳಿಸದ, ಪರಿಮಳವಿಲ್ಲದ ಸೋಪು. ಎಳೆ ಬಿಡದ ಸ್ವಚ್ಛ ಬಟ್ಟೆ ಅಥವಾ ಟಿಶ್ಯೂ. ಮುಚ್ಚಳ ಭದ್ರವಾಗಿರುವ ಬಾಟಲಿ, ಅದರ ಮೇಲೆ ಪೆನ್ನಿನಲ್ಲಿ ಬರೆದ ತೆರೆದ ದಿನಾಂಕ. ತೆರೆದ ಮೇಲೆ ಎಷ್ಟು ದಿನ ಬಳಸಬಹುದೆಂದು ಲೇಬಲ್ಲಿನಲ್ಲಿರುತ್ತದೆ. ಬಾಟಲಿಯ ಅಡಿಯಲ್ಲಿರುವ ಎಕ್ಸ್‌ಪೈರಿ ದಿನಾಂಕ ಸೀಲ್ ಒಡೆಯದ ಬಾಟಲಿಗೆ ಮಾತ್ರ. ಇದರ ಜೊತೆಗೆ ಕನ್ನಡಕ. ಪವರ್ ಸರಿಯಿರುವ ಕನ್ನಡಕ ಇಲ್ಲದವರು ಕಣ್ಣು ಕೆಂಪಾದಾಗಲೂ ಲೆನ್ಸನ್ನೇ ಹಾಕಿಕೊಂಡು ಆಫೀಸಿಗೆ ಹೋಗುತ್ತಾರೆ.

ಕೈ ತೊಳೆದು ಪೂರ್ತಿ ಒರೆಸಿಕೊಂಡ ಮೇಲೆಯೇ ಲೆನ್ಸ್ ಮುಟ್ಟಬೇಕು. ಬೋರ್‌ವೆಲ್ ನೀರಿರಲಿ, ಕಾವೇರಿ ನೀರಿರಲಿ, ಫಿಲ್ಟರ್ ನೀರಿರಲಿ, ಲೆನ್ಸಿಗೂ ಕೇಸಿಗೂ ಒಂದು ಹನಿಯೂ ತಾಗಬಾರದು. ಮನೆಯ ಟ್ಯಾಂಕಿನಲ್ಲಿ ಅಕಾಂತಮೀಬಾ ಎಂಬ ಏಕಕೋಶ ಜೀವಿ ಇರಬಹುದು. ಪ್ರತಿಕೂಲ ಪರಿಸ್ಥಿತಿಯಲ್ಲಿ ಅದು ದಪ್ಪ ಕವಚ ಕಟ್ಟಿಕೊಂಡು ಕೂರುತ್ತದೆ, ಆಗ ಯಾವ ಸೊಲ್ಯೂಷನ್ ಕೂಡ ಅದನ್ನು ಖಂಡಿತ ಕೊಲ್ಲುತ್ತದೆಂದು ಹೇಳಲಾಗದು. ಪೆರಾಕ್ಸೈಡ್ ಬಳಸುವವರಿಗೂ ಈ ಮಾತು ಅನ್ವಯಿಸುತ್ತದೆ.

## 3. ಮಲ್ಟಿಪರ್ಪಸ್ ಸೊಲ್ಯೂಷನ್‌ನ ರಾತ್ರಿ

ಮೊದಲು ಕೇಸಿನಲ್ಲಿ ಏನೂ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಅದು ಬೆಳಿಗ್ಗೆಯೇ ಖಾಲಿಯಾಗಿ ಒಣಗಿರಬೇಕು. ಎರಡೂ ಗುಂಡಿಗಳಿಗೆ ಹೊಸ ಸೊಲ್ಯೂಷನ್ ಹಾಕಿ.

ಬಲಗಣ್ಣಿನ ಲೆನ್ಸ್ ತೆಗೆದು ಅಂಗೈಯಲ್ಲಿಟ್ಟುಕೊಳ್ಳಿ. ಯಾವಾಗಲೂ ಒಂದೇ ಕಣ್ಣಿನಿಂದ ಶುರು ಮಾಡಿದರೆ ಲೆನ್ಸ್ ಅದಲುಬದಲಾಗುವುದಿಲ್ಲ. ಮೂರ್ನಾಲ್ಕು ಹನಿ ಸೊಲ್ಯೂಷನ್ ಬಿಟ್ಟು ಬೆರಳ ತುದಿಯಿಂದ ಒಂದೇ ದಿಕ್ಕಿನಲ್ಲಿ, ನಡುವಿನಿಂದ ಅಂಚಿನ ಕಡೆಗೆ ಹಗುರವಾಗಿ ತಿಕ್ಕಿ. ತಿರುಗಿಸಿ ಇನ್ನೊಂದು ಬದಿಯನ್ನೂ ತಿಕ್ಕಿ. ಉಗುರು ತಾಗಿದರೆ ಲೆನ್ಸ್ ಹರಿಯುತ್ತದೆ. ಆಮೇಲೆ ಸೊಲ್ಯೂಷನ್ ಧಾರೆಯಲ್ಲಿ ಎರಡೂ ಬದಿ ತೊಳೆಯಿರಿ.

ಬಾಟಲಿಯ ಮೇಲೆ "ತಿಕ್ಕಬೇಕಾಗಿಲ್ಲ" ಎಂದು ಬರೆದಿದ್ದರೂ ತಿಕ್ಕಿ. ದಿನವಿಡೀ ಲೆನ್ಸ್ ಮೇಲೆ ಕೂತ ಕಣ್ಣೀರಿನ ಪ್ರೋಟೀನು, ಕಾಡಿಗೆಯ ಜಿಡ್ಡು, ರಸ್ತೆಯ ಧೂಳು ನೆನೆಸಿಟ್ಟ ಮಾತ್ರಕ್ಕೆ ಬಿಡುವುದಿಲ್ಲ. ಕ್ರಿಮಿಗಳು ಅವುಗಳ ಅಡಿಯಲ್ಲೇ ಅಡಗಿರುತ್ತವೆ. ಸೊಲ್ಯೂಷನ್‌ನ ಅರ್ಧ ಕೆಲಸವನ್ನು ನಿಮ್ಮ ಬೆರಳೇ ಮಾಡುತ್ತದೆ.

ಲೆನ್ಸ್ ಪೂರ್ತಿ ಮುಳುಗುವಂತೆ ಕೇಸಿನಲ್ಲಿಟ್ಟು ಮುಚ್ಚಿ. ಎಷ್ಟು ಹೊತ್ತು ನೆನೆಯಬೇಕೆಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಸಾಮಾನ್ಯವಾಗಿ 4ರಿಂದ 6 ಗಂಟೆ. ಮಧ್ಯಾಹ್ನ ಅರ್ಧ ಗಂಟೆ ಅದ್ದಿಟ್ಟು ತೆಗೆದರೆ ಲೆನ್ಸ್ ಒದ್ದೆಯಾಗಿರುತ್ತದೆ, ಶುದ್ಧವಾಗಿರುವುದಿಲ್ಲ.

## 4. ಹಳೆಯದರ ಮೇಲೆ ಹೊಸದು: ನಿಜಕ್ಕೂ ಏನಾಗುತ್ತದೆ

"ಮೇಡಂ, ಚೆಲ್ಲೋಕೆ ಮನಸ್ಸೇ ಬರಲ್ಲ. ನೋಡೋಕೆ ನೀರಿನ ಹಾಗೆ ತಿಳಿಯಾಗೇ ಇದೆಯಲ್ಲ" ಎಂದು ಒಬ್ಬ ಹುಡುಗಿ ಕೇಳಿದ್ದಳು. ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸೊಲ್ಯೂಷನ್‌ನಲ್ಲಿರುವ ಸೋಂಕುನಿವಾರಕ ಕೆಲಸ ಮಾಡುತ್ತಲೇ ಖರ್ಚಾಗುತ್ತದೆ. ಸ್ವಲ್ಪ ಕ್ರಿಮಿಗಳಿಗೆ ಅಂಟಿಕೊಳ್ಳುತ್ತದೆ, ಸ್ವಲ್ಪ ಲೆನ್ಸ್ ಮೇಲಿನ ಕೊಳೆಗೆ, ಇನ್ನಷ್ಟನ್ನು ಲೆನ್ಸೇ ಹೀರಿಕೊಳ್ಳುತ್ತದೆ. ಬೆಳಿಗ್ಗೆ ಉಳಿದ ದ್ರವ ಕಣ್ಣಿಗೆ ಅದೇ ರೀತಿ ಕಂಡರೂ ಅದರ ಬಲ ನಿನ್ನೆಯಷ್ಟಿರುವುದಿಲ್ಲ.

ಒಂದು ಲೆಕ್ಕ ಹಾಕೋಣ. ಗುಂಡಿಯೊಂದಕ್ಕೆ 3 ಮಿಲಿ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಒಂದು ರಾತ್ರಿಗೆ ಸೋಂಕುನಿವಾರಕದ ಅರ್ಧ ಭಾಗ ಖರ್ಚಾಗುತ್ತದೆ ಎಂದೂ ಇಟ್ಟುಕೊಳ್ಳಿ. ಇದು ಅರ್ಥವಾಗಲೆಂದು ಹಿಡಿದ ಅಂಕಿ ಮಾತ್ರ, ನಿಜದ ಪ್ರಮಾಣ ಸೊಲ್ಯೂಷನ್ ಮತ್ತು ಲೆನ್ಸಿಗೆ ತಕ್ಕಂತೆ ಬದಲಾಗುತ್ತದೆ. ಮೊದಲ ರಾತ್ರಿ ಪೂರ್ತಿ ಹೊಸದು, ಬಲ 100. ಬೆಳಿಗ್ಗೆಗೆ 50. ಲೆನ್ಸ್ ತೆಗೆಯುವಾಗ 1 ಮಿಲಿ ಚೆಲ್ಲಿತು, ಒಳಗೆ 2 ಮಿಲಿ ಉಳಿಯಿತು. ಎರಡನೇ ರಾತ್ರಿ 1 ಮಿಲಿ ಹೊಸದು ಸೇರಿಸಿದಿರಿ. ಈಗ ಬಲ ಸುಮಾರು 67. ಮರುದಿನ ಬೆಳಿಗ್ಗೆ 33, ಮತ್ತೆ 1 ಮಿಲಿ ಸೇರಿಸಿದರೆ 56. ಅದರ ಮರುರಾತ್ರಿ 52. ಹೀಗೇ ಇಳಿದು 50ರ ಹತ್ತಿರ ನಿಲ್ಲುತ್ತದೆ. ಅಂದರೆ ನೀವು ಪ್ರತಿ ರಾತ್ರಿ ಶುರು ಮಾಡುವುದೇ ಅರ್ಧ ಬಲದ ದ್ರವದಲ್ಲಿ. ಸೊಲ್ಯೂಷನ್‌ನ ಬಲವನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವುದು ಹೊಸ ದ್ರವಕ್ಕೆ, ಈ ಅರ್ಧ ಬಲದ್ದಕ್ಕಲ್ಲ.

ಇತ್ತ ಬಲ ಇಳಿಯುತ್ತಿದ್ದರೆ ಅತ್ತ ಕೊಳೆ ಏರುತ್ತದೆ. ನಿನ್ನೆ ಬದುಕುಳಿದ ಕ್ರಿಮಿಗಳು ಅದೇ 2 ಮಿಲಿಯಲ್ಲಿವೆ. ಅವು ಕೇಸಿನ ಗೋಡೆಗೆ ಅಂಟಿ, ಲೋಳೆಯಂಥ ಪದರ ಕಟ್ಟಿಕೊಳ್ಳುತ್ತವೆ. ಆ ಪದರದೊಳಗೆ ಸೇರಿದವನ್ನು ಪೂರ್ತಿ ಬಲದ ಸೊಲ್ಯೂಷನ್ ಕೂಡ ಸುಲಭಕ್ಕೆ ಮುಟ್ಟಲಾರದು. ಕೇಸ್ ಒಳಗೆ ಬೆರಳಾಡಿಸಿದಾಗ ಜಾರಿದಂತಾದರೆ ಅದು ಸೊಲ್ಯೂಷನ್‌ನ ನುಣುಪಲ್ಲ, ಆ ಪದರ.

ಇದು ಬರೀ ಪುಸ್ತಕದ ಮಾತಲ್ಲ. 2006ರಲ್ಲಿ ಫ್ಯುಸೇರಿಯಮ್ ಎಂಬ ಶಿಲೀಂಧ್ರದಿಂದ ಲೆನ್ಸ್ ಹಾಕುವವರ ಕಣ್ಣಿನ ಕರಿಗುಡ್ಡೆಯಲ್ಲಿ ಹುಣ್ಣಾದ ಪ್ರಕರಣಗಳು ಸಿಂಗಪುರ, ಅಮೆರಿಕ ಮೊದಲಾದ ಕಡೆ ಹೆಚ್ಚಿದವು. ಒಂದು ಮಲ್ಟಿಪರ್ಪಸ್ ಸೊಲ್ಯೂಷನ್ ಅನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆದರು. ಮರುವರ್ಷ ಅಕಾಂತಮೀಬಾ ಸೋಂಕಿನಿಂದಾಗಿ ಇನ್ನೊಂದು ಸೊಲ್ಯೂಷನ್‌ಗೂ ಅದೇ ಗತಿಯಾಯಿತು. ಎರಡು ಸಲವೂ ದ್ರವದ ದೋಷದ ಜೊತೆಗೆ, ಹಳೆಯದನ್ನು ಚೆಲ್ಲದೆ ಮೇಲೆ ಸುರಿಯುವ ಅಭ್ಯಾಸವೂ ಅಪಾಯ ಹೆಚ್ಚಿಸಿದ್ದು ತನಿಖೆಯಲ್ಲಿ ಕಂಡುಬಂತು.

ನೀವು ಹೀಗೆ ಮಾಡುತ್ತಿದ್ದೀರೋ ಇಲ್ಲವೋ ಎಂದು ಬಾಟಲಿಯೇ ಹೇಳುತ್ತದೆ. ಎರಡು ಗುಂಡಿಗೆ 6 ಮಿಲಿ, ತಿಕ್ಕಿ ತೊಳೆಯಲು ಇನ್ನೊಂದೆರಡು ಮಿಲಿ ಎಂದರೂ ರಾತ್ರಿಗೆ 8 ಮಿಲಿ. 120 ಮಿಲಿ ಬಾಟಲಿ ಸುಮಾರು 15 ರಾತ್ರಿಗೆ ಮುಗಿಯಬೇಕು. ದಿನಾ ಲೆನ್ಸ್ ಹಾಕಿಯೂ ನಿಮ್ಮದು ಎರಡು ತಿಂಗಳು ಬಂತೆಂದರೆ ಅದು ಮಿತವ್ಯಯವಲ್ಲ.

ದೊಡ್ಡ ಬಾಟಲಿಯಿಂದ ಪ್ರಯಾಣಕ್ಕೆಂದು ಚಿಕ್ಕ ಡಬ್ಬಿಗೆ ಸುರಿದುಕೊಳ್ಳುವುದೂ ಇದೇ ಜಾತಿಯ ತಪ್ಪು. ಸೀಲ್ ಆದ ಬಾಟಲಿಯ ಶುದ್ಧತೆ ಅಲ್ಲಿಗೇ ಮುಗಿಯಿತು. 60 ಮಿಲಿಯ ಚಿಕ್ಕ ಬಾಟಲಿ ಸಿಗುತ್ತದೆ, ಅದನ್ನೇ ಕೊಳ್ಳಿ.

## 5. ಪೆರಾಕ್ಸೈಡ್‌ನ ರಾತ್ರಿ

ಇಲ್ಲಿ ಹಂತಗಳ ಕ್ರಮ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ, ಏಕೆಂದರೆ ನೋಯುತ್ತದೆ. ಬಿಲ್ಲೆ ಇರುವ ಕೇಸಿನ ಕ್ರಮ ಹೇಳುತ್ತೇನೆ.

ಲೆನ್ಸ್‌ಗಳನ್ನು ಎಡ, ಬಲ ಗುರುತಿರುವ ಬುಟ್ಟಿಗಳಲ್ಲಿಟ್ಟು ಮುಚ್ಚಿ. ಅಂಚು ಸಿಕ್ಕಿಕೊಂಡಿಲ್ಲವೆಂದು ನೋಡಿ. ಬುಟ್ಟಿಗಳ ಮೇಲೆ ಸೊಲ್ಯೂಷನ್ ಧಾರೆ ಬಿಟ್ಟು ಐದಾರು ಸೆಕೆಂಡ್ ತೊಳೆಯಿರಿ. ಖಾಲಿ ಕಪ್ಪಿಗೆ ಗೆರೆಯವರೆಗೆ ಹೊಸ ಸೊಲ್ಯೂಷನ್ ಹಾಕಿ, ಬುಟ್ಟಿಗಳನ್ನು ಇಳಿಸಿ ಮುಚ್ಚಳ ತಿರುಗಿಸಿ. ಕೂಡಲೇ ಸಣ್ಣ ಗುಳ್ಳೆಗಳು ಏಳುತ್ತವೆ. ಆ ಗಾಳಿ ಹೊರಹೋಗಲೆಂದೇ ಮುಚ್ಚಳದಲ್ಲಿ ಕಿಂಡಿ ಇದೆ. ಆದ್ದರಿಂದ ಕೇಸ್ ನೆಟ್ಟಗೆ ನಿಂತಿರಬೇಕು. ರಾತ್ರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೊರಟವರು ಬ್ಯಾಗಿನೊಳಗೆ ಇದನ್ನು ಮಲಗಿಸಿದರೆ ಬಟ್ಟೆಯೂ ಒದ್ದೆ, ಲೆನ್ಸೂ ಒಣ.

ಇನ್ನು 6 ಗಂಟೆ ಮುಟ್ಟಬೇಡಿ. ಮೊದಲ ಕೆಲವು ನಿಮಿಷದಲ್ಲಿ ಪೆರಾಕ್ಸೈಡ್ ವೇಗವಾಗಿ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಗುಳ್ಳೆ ನಿಂತಿತೆಂದು ಎರಡು ಗಂಟೆಗೇ ತೆಗೆಯುವ ಹಾಗಿಲ್ಲ. ಅಲುಗಾಡಿಸಿದರೆ ಬೇಗ ಆಗುವುದೂ ಇಲ್ಲ. ಮಾತ್ರೆಯ ಪದ್ಧತಿಯಾದರೆ ಮಾತ್ರೆ ಹಾಕಲು ಮರೆತ ರಾತ್ರಿ ಬೆಳಿಗ್ಗೆಗೂ ಪೆರಾಕ್ಸೈಡ್ ಪೆರಾಕ್ಸೈಡಾಗಿಯೇ ಇರುತ್ತದೆ.

ಬೆಳಿಗ್ಗೆ ಲೆನ್ಸ್ ತೆಗೆದು ನೇರ ಕಣ್ಣಿಗೆ ಇಡಬಹುದು. ಜನ ಹೆಚ್ಚು ಎಡವುವುದು ಇಲ್ಲೇ. ಮಲ್ಟಿಪರ್ಪಸ್ ಬಳಸಿದ ಅಭ್ಯಾಸಬಲದಿಂದ "ಒಂದು ಸಲ ತೊಳೆದು ಹಾಕೋಣ" ಎಂದು ಪೆರಾಕ್ಸೈಡ್ ಬಾಟಲಿಯಿಂದ ಲೆನ್ಸ್ ಮೇಲೆ ಹಿಂಡುತ್ತಾರೆ. ಬಿಲ್ಲೆ ಮುಟ್ಟದ ಪೆರಾಕ್ಸೈಡ್ ಅದು, ಕಣ್ಣನ್ನು ಸುಡುತ್ತದೆ. ತೊಳೆಯಲೇಬೇಕೆಂದಿದ್ದರೆ ಸ್ಟೆರೈಲ್ ಸಲೈನ್ ಬಳಸಿ. ಪೆರಾಕ್ಸೈಡ್ ಬಾಟಲಿಯನ್ನು ಕಣ್ಣಿನ ಡ್ರಾಪ್ಸ್, ಸಲೈನ್ ಇರುವ ಕಡೆ ಇಡಲೇಬೇಡಿ. ಮಾಮೂಲಿ ಚಪ್ಪಟೆ ಕೇಸಿಗೆ ಇದನ್ನು ಹಾಕುವುದೂ ಅದೇ ಅಪಾಯ, ಅಲ್ಲಿ ಬಿಲ್ಲೆಯೇ ಇಲ್ಲ.

ಇಲ್ಲಿ ಟಾಪ್‌ಅಪ್ ಮಾಡುವುದಂತೂ ಇನ್ನೂ ಕೆಟ್ಟದ್ದು. ಕಪ್ಪಿನಲ್ಲಿ ಉಳಿದಿರುವುದು ಉಪ್ಪುನೀರು, ಅದಕ್ಕೆ ಹೊಸದು ಬೆರೆಸಿದರೆ 3% ಶುರುವಿನಲ್ಲೇ 1%ಕ್ಕೋ 2%ಕ್ಕೋ ಇಳಿಯುತ್ತದೆ, ಉಳಿದದ್ದನ್ನು ಬಿಲ್ಲೆ ನುಂಗುತ್ತದೆ. ಅದೇ ಕಾರಣಕ್ಕೆ ಲೆನ್ಸನ್ನು ಈ ಕೇಸಿನಲ್ಲಿ ವಾರಗಟ್ಟಲೆ ಬಿಡುವಂತಿಲ್ಲ. ಕಾಯುವ ರಾಸಾಯನಿಕ ಏನೂ ಉಳಿದಿಲ್ಲವಲ್ಲ. ಲೇಬಲ್ ಹೇಳುವ ಅವಧಿ, ಸಾಮಾನ್ಯವಾಗಿ 7 ದಿನ, ದಾಟಿದರೆ ಹೊಸ ಸೊಲ್ಯೂಷನ್ ಹಾಕಿ ಮತ್ತೆ 6 ಗಂಟೆ ಇಟ್ಟೇ ಹಾಕಿಕೊಳ್ಳಬೇಕು.

ಪೆರಾಕ್ಸೈಡ್ ಕಣ್ಣಿಗೆ ಹೋದರೆ: ಲೆನ್ಸ್ ಕೂಡಲೇ ತೆಗೆಯಿರಿ. ತಡಕಾಡಿ ಹೊತ್ತು ಕಳೆಯದೆ ಸಲೈನ್ ಅಥವಾ ಶುದ್ಧ ನೀರಿನಿಂದ ಹದಿನೈದು ನಿಮಿಷವಾದರೂ ಕಣ್ಣು ತೊಳೆಯಿರಿ. ನೀರು ಬೇಡವೆಂದದ್ದು ಲೆನ್ಸಿಗೆ, ಉರಿಯುವ ಕಣ್ಣಿಗಲ್ಲ. ಆ ದಿನ ಲೆನ್ಸ್ ಬೇಡ. ಉರಿ, ಮಂಜು, ಬೆಳಕು ನೋಡಲಾಗದಿರುವುದು ಕಡಿಮೆಯಾಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ.

## 6. ಕೇಸ್: ಬೆಳಗಿನ ಕೆಲಸ ಮತ್ತು ಬದಲಿಸುವ ದಿನ

ಲೆನ್ಸ್ ಕಣ್ಣಿಗಿಟ್ಟ ಕೂಡಲೇ ಕೇಸ್ ಖಾಲಿ ಮಾಡಿ. ಚಪ್ಪಟೆ ಕೇಸಾದರೆ ಒಳಗೆ ಹೊಸ ಸೊಲ್ಯೂಷನ್ ಬಿಟ್ಟು ಸ್ವಚ್ಛ ಬೆರಳಿನಿಂದ ಗೋಡೆ ತಿಕ್ಕಿ, ಚೆಲ್ಲಿ, ಸ್ವಚ್ಛ ಟಿಶ್ಯೂವಿನಿಂದ ಒರೆಸಿ, ಬಾಯಿ ಕೆಳಗೆ ಮಾಡಿ ಒಣಗಿಸಿ. ಮುಚ್ಚಳಗಳನ್ನೂ ಹಾಗೇ ಬೋರಲು ಹಾಕಿ. ಬರೀ ಕುಲುಕಿ ಚೆಲ್ಲಿದರೆ ಲೋಳೆ ಪದರ ಅಲುಗುವುದಿಲ್ಲ, ತಿಕ್ಕಬೇಕು, ಒರೆಸಬೇಕು. ಬಚ್ಚಲಿನಲ್ಲಿ, ಟಾಯ್ಲೆಟ್ ಪಕ್ಕದ ಸಿಂಕಿನ ಮೇಲೆ ಒಣಗಿಸಬೇಡಿ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಬಚ್ಚಲಿನಲ್ಲಿ ಅದು ಒಣಗುವುದೂ ಇಲ್ಲ, ಬೂಸ್ಟು ಹಿಡಿಯುತ್ತದೆ. ಪೆರಾಕ್ಸೈಡ್ ಕೇಸನ್ನು ಲೇಬಲ್ ಹೇಳಿದಂತೆ ತೊಳೆದು, ಕೊಡವಿ, ತೆರೆದು ಒಣಗಿಸಿದರೆ ಸಾಕು. ಬಿಲ್ಲೆಯನ್ನು ತಿಕ್ಕಬಾರದು.

ಚಪ್ಪಟೆ ಕೇಸನ್ನು ಹೆಚ್ಚೆಂದರೆ 3 ತಿಂಗಳಿಗೆ ಬದಲಿಸಿ. ತಿಂಗಳಿಗೊಂದಾದರೆ ಇನ್ನೂ ಒಳ್ಳೆಯದು. ಹೊಸ ಬಾಟಲಿಯ ಜೊತೆ ಬರುವ ಕೇಸನ್ನು ಡ್ರಾಯರಿನಲ್ಲಿ ಕೂಡಿಡುವ ನಮ್ಮ ಮಂದಿಯ ಅಭ್ಯಾಸ ನನಗೆ ಗೊತ್ತು. ಅವು ಕೂಡಿಡಲು ಕೊಟ್ಟದ್ದಲ್ಲ. ಬಿರುಕು, ಕಲೆ, ಜಾರು, ವಾಸನೆ ಕಂಡರೆ ತಾರೀಖು ನೋಡದೆ ಬಿಸಾಡಿ. ಕುದಿಸಿ ಮತ್ತೆ ಬಳಸುವ ಯೋಚನೆ ಬೇಡ.

ಪೆರಾಕ್ಸೈಡ್ ಕೇಸಿನ ನಿಯಮ ಇನ್ನೂ ಬಿಗಿ. ಹೊಸ ಬಾಟಲಿ ತೆರೆದಾಗ ಅದರ ಜೊತೆ ಬಂದ ಹೊಸ ಕೇಸನ್ನೇ ಬಳಸಬೇಕು, ಏಕೆಂದರೆ ಬಿಲ್ಲೆಯ ಲೇಪ ಸವೆಯುತ್ತದೆ. ಸವೆದ ಬಿಲ್ಲೆ ಪೆರಾಕ್ಸೈಡನ್ನು ಪೂರ್ತಿ ಒಡೆಯುವುದಿಲ್ಲ. ಮುಚ್ಚಿದಾಗ ಗುಳ್ಳೆ ಮೊದಲಿನಷ್ಟು ಏಳದಿದ್ದರೆ, ಬೆಳಿಗ್ಗೆ ಲೆನ್ಸ್ ಚುರ್ರೆಂದರೆ ಆ ಕೇಸಿನ ಆಯಸ್ಸು ಮುಗಿದಿದೆ. ಒಂದು ಕಂಪನಿಯ ಬಿಲ್ಲೆಗೆ ಇನ್ನೊಂದು ಕಂಪನಿಯ ದ್ರವ ಹಾಕಬೇಡಿ.

## 7. ಉರಿ ಸೊಲ್ಯೂಷನ್‌ನಿಂದಲೇ ಎಂದು ಪತ್ತೆ ಮಾಡುವುದು

ಮಲ್ಟಿಪರ್ಪಸ್‌ನ ರಾಸಾಯನಿಕ ಒಗ್ಗದವರಲ್ಲಿ ಸಾಮಾನ್ಯವಾಗಿ ಎರಡೂ ಕಣ್ಣಿಗೆ ತೊಂದರೆಯಾಗುತ್ತದೆ. ಹಾಕಿದ ಕೂಡಲೇ ಚುರುಗುಟ್ಟಬಹುದು, ಇಲ್ಲವೇ ಒಂದೆರಡು ಗಂಟೆಯ ಮೇಲೆ ಒಣಗಿದಂತೆ, ಮರಳು ಬಿದ್ದಂತೆ ಆಗಬಹುದು. ಕನ್ನಡಕ ಹಾಕಿದ ಭಾನುವಾರ ಕಣ್ಣು ಆರಾಮವಾಗಿರುತ್ತದೆ. ತಿಂಗಳುಗಟ್ಟಲೆ ಒಗ್ಗಿದ್ದ ಸೊಲ್ಯೂಷನ್ ಇದ್ದಕ್ಕಿದ್ದಂತೆ ಒಗ್ಗದಿರುವುದೂ ಉಂಟು. "ಇಷ್ಟು ದಿನ ಇದನ್ನೇ ಹಾಕಿದ್ದೆನಲ್ಲ" ಎಂದು ಅದನ್ನು ಅನುಮಾನದ ಪಟ್ಟಿಯಿಂದ ಬಿಡಬೇಡಿ. ಲೆನ್ಸಿನ ಬ್ರಾಂಡ್ ಬದಲಾದಾಗಲೂ ಹೀಗಾಗಬಹುದು. ಒಂದೊಂದು ಬಗೆಯ ಪ್ಲಾಸ್ಟಿಕ್ ಒಂದೊಂದು ಪ್ರಮಾಣದಲ್ಲಿ ರಾಸಾಯನಿಕ ಹೀರಿ ಕಣ್ಣಿಗೆ ಬಿಡುತ್ತದೆ.

ಮೇಲೆ ಹೇಳಿದ ಹುಡುಗಿಯದು ಇಂಥದ್ದೇ ಪ್ರಕರಣ. ಮೊದಲು ಟಾಪ್‌ಅಪ್ ನಿಲ್ಲಿಸಿ, ಕೇಸ್ ಬದಲಿಸಿದೆವು. ಕೆಂಪು ಸ್ವಲ್ಪ ಇಳಿಯಿತು, ಸಂಜೆಯ ಉರಿ ಹೋಗಲಿಲ್ಲ. ಆಮೇಲೆ ಅವಳು ಪೆರಾಕ್ಸೈಡ್ ಕೊಂಡಳು, ಆದರೆ ಹಳೆಯ ಲೆನ್ಸನ್ನೇ ಅದರಲ್ಲಿಟ್ಟಳು. ಎರಡು ದಿನಕ್ಕೆ "ಇದೂ ಉರಿಯುತ್ತೆ" ಎಂದು ಫೋನು. ಹೀರಿಕೊಂಡ ರಾಸಾಯನಿಕ ಹಳೆಯ ಲೆನ್ಸಿನಲ್ಲೇ ಇತ್ತು. ಕಣ್ಣು ಪೂರ್ತಿ ಬಿಳಿಯಾಗುವವರೆಗೆ ಕನ್ನಡಕ, ಆಮೇಲೆ ಹೊಸ ಜೊತೆ ಲೆನ್ಸ್, ಮೊದಲ ರಾತ್ರಿಯಿಂದಲೇ ಪೆರಾಕ್ಸೈಡ್, ಎರಡು ವಾರ ಬೇರೇನನ್ನೂ ಬದಲಿಸದೆ ನೋಡುವುದು: ಈ ಕ್ರಮದಲ್ಲಿ ಮಾಡಿದಾಗ ಉರಿ ಹೋಯಿತು. ಎರಡು ವಾರವಾದರೂ ಹೋಗಿರದಿದ್ದರೆ ಸೊಲ್ಯೂಷನ್ ಬಿಟ್ಟು ಲೆನ್ಸಿನ ಅಳತೆ, ಒಣಗಣ್ಣು, ರೆಪ್ಪೆಯ ಅಲರ್ಜಿ ಇವುಗಳ ಕಡೆ ನೋಡಬೇಕಿತ್ತು.

## 8. ಹಾಗಾದರೆ ಯಾವುದನ್ನು ಕೊಳ್ಳುವುದು

ಕಣ್ಣು ಸೂಕ್ಷ್ಮವಾಗಿದ್ದು, ರಾತ್ರಿ ಖಂಡಿತ 6 ಗಂಟೆ ಲೆನ್ಸ್ ತೆಗೆದಿಡುವವರಿಗೆ ನನ್ನ ಮತ ಪೆರಾಕ್ಸೈಡ್‌ಗೆ. ಟಾಪ್‌ಅಪ್ ಅಭ್ಯಾಸ ಬಿಡಲಾಗದವರಿಗೂ ಅದೇ ವಾಸಿ, ಪ್ರತಿ ರಾತ್ರಿ ಕಪ್ ಖಾಲಿ ಮಾಡಿ ಗೆರೆಗೆ ತುಂಬುವುದೇ ಅಲ್ಲಿನ ಪದ್ಧತಿ. ಆದರೆ ರಾತ್ರಿಗೆ ಸುಮಾರು 10 ಮಿಲಿ ಬೇಕು, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಹಗಲು ಲೆನ್ಸ್ ಜಾರಿ ಬಿದ್ದರೆ ತೊಳೆದು ಹಾಕಿಕೊಳ್ಳಲು ಬರುವುದಿಲ್ಲ.

ಆಗಾಗ ಊರೂರು ತಿರುಗುವವರು, ಪಿಜಿಯಲ್ಲಿ ನಾಲ್ವರ ಜೊತೆ ಒಂದೇ ಕನ್ನಡಿ ಹಂಚಿಕೊಳ್ಳುವವರು, ಮನೆಯಲ್ಲಿ ಯಾರಾದರೂ ಬಾಟಲಿ ಅದಲುಬದಲು ಮಾಡಬಹುದಾದವರು ಮಲ್ಟಿಪರ್ಪಸ್‌ನಲ್ಲೇ ಇರಲಿ, ತಿಕ್ಕುವುದನ್ನು ಬಿಡದೆ. ಬಣ್ಣದ ಲೆನ್ಸ್ ಹಾಕುವವರು ಪೆರಾಕ್ಸೈಡ್ ನಡೆಯುತ್ತದೆಯೇ ಎಂದು ಲೆನ್ಸಿನ ಡಬ್ಬಿಯ ಮೇಲೆ ನೋಡಿಯೇ ಕೊಳ್ಳಬೇಕು.

## 9. ಕಾಯದೆ ಹೊರಡಬೇಕಾದ ಲಕ್ಷಣಗಳು

ಒಂದೇ ಕಣ್ಣು ನೋಯುತ್ತಿದೆ, ಲೆನ್ಸ್ ತೆಗೆದ ಮೇಲೂ ನೋವು ಏರುತ್ತಿದೆ, ಬೆಳಕು ಚುಚ್ಚುತ್ತಿದೆ, ದೃಷ್ಟಿ ಮಂಜಾಗಿದೆ, ಪಿಸುರು ಕಟ್ಟುತ್ತಿದೆ, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಾಣುತ್ತಿದೆ: ಇವುಗಳಲ್ಲಿ ಒಂದಿದ್ದರೂ ಅದು ಸೊಲ್ಯೂಷನ್ ಬದಲಿಸಿ ನೋಡುವ ಸಮಯವಲ್ಲ. ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ಡಾಕ್ಟರ ಬಳಿ ಹೋಗಿ. ಮನೆಯಲ್ಲಿ ಉಳಿದ ಡ್ರಾಪ್ಸ್, ಅದರಲ್ಲೂ ಸ್ಟೀರಾಯ್ಡ್ ಇರುವಂಥದ್ದನ್ನು ಹಾಕಿಕೊಂಡು ಹೋಗಬೇಡಿ. ಸೋಂಕಿದ್ದರೆ ಅದು ಉಲ್ಬಣಿಸುತ್ತದೆ, ಲಕ್ಷಣಗಳೂ ಮರೆಯಾಗುತ್ತವೆ.

ಹೋಗುವಾಗ ಕೇಸನ್ನು ತೊಳೆಯಬೇಡಿ, ಚೆಲ್ಲಬೇಡಿ. ಲೆನ್ಸ್, ಕೇಸ್, ಅದರೊಳಗಿನ ದ್ರವ, ಬಾಟಲಿ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಜೊತೆಗೊಯ್ಯಿರಿ. ಯಾವ ಕ್ರಿಮಿಯೆಂದು ಕಲ್ಚರ್ ಮಾಡಿ ಪತ್ತೆ ಹಚ್ಚಲು ಲ್ಯಾಬಿನವರಿಗೆ ಅದು ಬೇಕಾಗುತ್ತದೆ.